ತಂಗಿಯ ಮದುವೆಯಲ್ಲಿ ಅಪ್ಪ ಆಡಿದ ಎರಡು ಮಾತು

ನಮ್ಮ ಕಡೆಯ ಮದುವೆಗಳಲ್ಲಿ ಊಟಕ್ಕಿಂತ ಭಾಷಣ ಜಾಸ್ತಿ. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ತ್ರಿಶರಣ ಪಂಚಶೀಲ ಹೇಳಿ, ಹುಡುಗ ಹುಡುಗಿ ಒಬ್ಬರಿಗೊಬ್ಬರು ಮಾತು ಕೊಟ್ಟು ಹಾರ ಬದಲಾಯಿಸಿಕೊಂಡರೆ ಮದುವೆ ಮುಗಿಯಿತು. ಹೋಮ ಇಲ್ಲ, ಧಾರೆ ಇಲ್ಲ, ಪುರೋಹಿತರೂ ಇಲ್ಲ. ಹೀಗೆ ಉಳಿಸಿದ ಹೊತ್ತನ್ನೆಲ್ಲ ಮೈಕು ತಿಂದುಹಾಕುತ್ತದೆ. ಹಿರಿಯರು ಒಬ್ಬರಾದ ಮೇಲೆ ಒಬ್ಬರು ಎದ್ದು 'ಎರಡು ಮಾತು' ಎಂದು ಶುರು ಮಾಡುತ್ತಾರೆ. ಅಷ್ಟೂ ಜನ ಮಾತಾಡಿ ಮುಗಿಸಿದ ಮೇಲೆ ನಾವು ಎದ್ದು ನಿಂತು ವಧೂವರರ ಮೇಲೆ ಹೂವಿನ ಎಸಳು ಹಾಕಬೇಕು. ಅಷ್ಟು ಹೊತ್ತಿಗೆ ಮುಷ್ಟಿಯಲ್ಲಿದ್ದ ಎಸಳು ಬಾಡಿ ಒದ್ದೆ ಮುದ್ದೆಯಾಗಿರುತ್ತದೆ, ಅಡುಗೆಮನೆಯ ಕಡೆಯಿಂದ ಸಾರಿನ ಘಮ ಬರುತ್ತಿರುತ್ತದೆ, ನನಗೆ ಎಲ್ಲಿಲ್ಲದ ಸಿಟ್ಟು ಬಂದಿರುತ್ತದೆ.

ಈ ಪದ್ಧತಿಯಲ್ಲಿ ಹೆಣ್ಣಿನ ತಂದೆಗೆ ಒಂದು ಕಷ್ಟವಿದೆ. ಬೇರೆಯವರ ಮದುವೆಯಲ್ಲಿ ಅವನು ಮಗಳ ಕೈ ಹಿಡಿದು ಧಾರೆ ಎರೆಯುತ್ತಾನೆ, ಎಲ್ಲರ ಕಣ್ಣೂ ಆಗ ಅವನ ಮೇಲಿರುತ್ತದೆ. ನಮ್ಮಲ್ಲಿ ಮಗಳನ್ನು ಯಾರೂ ಯಾರಿಗೂ ದಾನ ಮಾಡುವುದಿಲ್ಲ. ಅದು ಸರಿಯೇ, ನನಗೂ ಅದೇ ಇಷ್ಟ. ಆದರೆ ಅಪ್ಪನಾದವನಿಗೆ ಆ ದಿನ ಉಳಿಯುವ ಕೆಲಸ ಆ ಎರಡು ಮಾತು ಮಾತ್ರ. ಅದನ್ನೂ ಆಡದಿದ್ದರೆ ಅವನು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಊಟ ಆಯ್ತಾ ಎಂದು ಕೇಳಿಕೊಂಡಿರಬೇಕು.

ನಮ್ಮಪ್ಪ ಮಾತಿನವರು, ಹೇಳಬೇಕೆಂದರೆ ಮೈಕಿನವರು. ಅರಸೀಕೆರೆ ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಅವರ ಕೆಲಸ. ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಎಷ್ಟು ತಡ ಎಂದು ಧ್ವನಿವರ್ಧಕದಲ್ಲಿ ಹೇಳುವುದೂ ಅವರದೇ. ಕ್ಯಾಸೆಟ್ಟು, ಕಂಪ್ಯೂಟರು ಬರುವುದಕ್ಕೆ ಮುಂಚಿನ ಮಾತು ಇದು. ಪ್ರತಿ ವಾಕ್ಯವನ್ನೂ ಒಂದೇ ರಾಗದಲ್ಲಿ, ಒಂದೇ ವೇಗದಲ್ಲಿ, ಎರಡೆರಡು ಸಲ ಹೇಳಬೇಕು. ಕೇಳುವವರ ಮುಖ ನೋಡುವಂತಿಲ್ಲ, ಏಕೆಂದರೆ ಮೈಕಿನ ಗೂಡಿನೊಳಗಿಂದ ಪ್ಲಾಟ್‌ಫಾರಮ್ಮಿನವರ ಮುಖವೇ ಕಾಣುವುದಿಲ್ಲ. ಅಷ್ಟು ವರ್ಷ ಊರಿಗೆಲ್ಲ ಕೇಳಿಸಿದ ಮನುಷ್ಯ ನಾಲ್ಕು ಜನರ ಮುಂದೆ ನಿಂತರೆ ಮಾತ್ರ ಬೆವರುತ್ತಿದ್ದರು.

ನನ್ನ ಮದುವೆಯಲ್ಲಿ ಅವರು ಮಾತಾಡಿದ್ದರು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಭಾಷಣಗಳ ಪುಸ್ತಕ ಸಿಗುತ್ತಿತ್ತು. ಸ್ವಾತಂತ್ರ್ಯ ದಿನಾಚರಣೆಗೆ ಒಂದು ಭಾಷಣ, ಬೀಳ್ಕೊಡುಗೆಗೆ ಒಂದು, ಮದುವೆಗೆ ಒಂದು. ಅದರಿಂದ ಇಳಿಸಿಕೊಂಡ ಹಾಳೆಯನ್ನು ಹಿಡಿದು ಅಪ್ಪ ಮೈಕಿನ ಮುಂದೆ ನಿಂತರು. ಮೈಕು ಕಂಡ ಕೂಡಲೇ ಬಾಯಿಗೆ ಅಭ್ಯಾಸದ ರಾಗ ಬಂತು. ಒಂದು ವಾಕ್ಯ ಓದಿದರು, ಅದನ್ನೇ ಮತ್ತೊಮ್ಮೆ ಓದಿದರು. ಎರಡನೆಯದನ್ನೂ ಹಾಗೆಯೇ. ಸಭೆಯಲ್ಲಿ ಗುಸುಗುಸು ಶುರುವಾಯಿತು. ಹಿಂದಿನ ಸಾಲಿನಿಂದ ಯಾರೋ, "ಸ್ವಾಮಿ, ಮುಂದಿನ ಗಾಡಿ ಎಷ್ಟೊತ್ತಿಗೆ?" ಎಂದು ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಅಪ್ಪ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಕೂತುಬಿಟ್ಟರು. ಕೂಗಿದವನು ಯಾರೆಂದು ನನಗೆ ಗೊತ್ತು. ಇವತ್ತಿಗೂ ಎದುರಾದರೆ ನಾನು ಅವನಿಗೆ ನಮಸ್ಕಾರ ಹೇಳುವುದಿಲ್ಲ.

ಅಲ್ಲಿಂದಾಚೆಗೆ ಅಪ್ಪ ಯಾವ ವೇದಿಕೆಯನ್ನೂ ಹತ್ತಲಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರ ಹಾಕಿ ಮೈಕು ಕೊಟ್ಟರೆ ಕೈ ಮುಗಿದು ವಾಪಸ್ಸು ಕೊಟ್ಟರಂತೆ.

ತಂಗಿಗೆ ಗಂಡು ಗೊತ್ತಾಗಿದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ. ಅವಳು ಬೇಲೂರಿನ ಆಸ್ಪತ್ರೆಯಲ್ಲಿ ನರ್ಸು. ಹುಡುಗ ಮಾದಿಹಳ್ಳಿಯವನು, ಬೇಲೂರಿನಲ್ಲೇ ಕಚೇರಿ ಕೆಲಸ. ಮನೆಯಲ್ಲಿ ಹಸು, ಸ್ವಲ್ಪ ಗದ್ದೆ. ಎರಡೂ ಕಡೆಯವರಿಗೆ ಅನುಕೂಲವಾಗಲಿ ಎಂದು ಹಳೇಬೀಡಿನ ಸಮುದಾಯ ಭವನ ಗೊತ್ತು ಮಾಡಿದೆವು. ಯಾರು ಯಾರು ಮಾತಾಡಬೇಕು ಎಂಬ ಮಾತು ಬಂತು. ಗಂಡಿನ ದೊಡ್ಡಪ್ಪ ನಿವೃತ್ತ ಅಧ್ಯಾಪಕರು, ಅವರು ಇದ್ದೇ ಇರುತ್ತಾರೆ. ನಮ್ಮ ಕಡೆಯಿಂದ ಯಾರು ಎಂದಾಗ ಅಪ್ಪ ನನ್ನ ಗಂಡನ ಕಡೆ ಬೆರಳು ತೋರಿಸಿದರು. ತಂಗಿ ಒಪ್ಪಲಿಲ್ಲ.

"ಅಪ್ಪ ಮಾತಾಡ್ಬೇಕು. ನಂಗೆ ಸೀರೆ ಬೇಡ, ಸರ ಬೇಡ, ಇದೊಂದು ಬೇಕು," ಎಂದಳು.

"ನಂಗೆ ಬರಾಕಿಲ್ಲ ಕಣವ್ವ," ಎಂದರು ಅಪ್ಪ.

"ಇಡೀ ಅರಸೀಕೆರೆಗೆ ಹೇಳಕ್ಕೆ ಬಂತು, ನಂಗೋಸ್ಕರ ಎರಡು ಮಾತು ಬರಲ್ವಾ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ತಂಗಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಅಕ್ಕ, ಅವತ್ತು ಅವರು ಸುಮ್ನೆ ಮೂಲೇಲಿ ಕೂತಿದ್ರೆ ನಂಗೆ ಮದ್ವೆ ಆದಂಗೇ ಅನ್ಸಲ್ಲ. ನೀನು ಕನ್ನಡ ಟೀಚರ್ ತಾನೆ, ಏನಾದ್ರೂ ಮಾಡು," ಎಂದಳು. ಹೀಗೆ ಕೆಲಸ ನನ್ನ ತಲೆಗೆ ಬಂತು.

ವಾರ ಕಳೆದ ಮೇಲೆ ಅಪ್ಪ ತಾವಾಗಿಯೇ ನಮ್ಮ ಮನೆಗೆ ಬಂದರು. "ಓದ್ತೀನಿ ಬಿಡು," ಎಂದು ಜೇಬಿನಿಂದ ಹಾಳೆ ತೆಗೆದು ಕೊಟ್ಟರು. ನೋಡುತ್ತೇನೆ, ನನ್ನ ಮದುವೆಯ ಅದೇ ಹಾಳೆ! ಮಡಿಕೆಗಳಲ್ಲಿ ಹರಿಯಲು ಶುರುವಾಗಿತ್ತು. ನನ್ನ ಹೆಸರನ್ನು ಹೊಡೆದು ಮೇಲೆ ತಂಗಿಯ ಹೆಸರು ಬರೆದಿದ್ದರು, ನನ್ನ ಗಂಡನ ಹೆಸರು ಹೊಡೆದು ಮಾದಿಹಳ್ಳಿ ಹುಡುಗನ ಹೆಸರು. ಉಳಿದಿದ್ದೆಲ್ಲ ಹಾಗೇ.

"ಇದೇನಪ್ಪ ಇದು?"

"ಯಾಕೆ, ಚೆನ್ನಾಗೇ ಐತಲ್ಲ. ಅವತ್ತು ಪೂರ್ತಿ ಓದಲೇ ಇಲ್ಲ, ಯಾರೂ ಕೇಳಿಲ್ಲ," ಎಂದರು.

ನಗಬೇಕೋ ಜಗಳ ಮಾಡಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಆಮೇಲೆ ಕೂತು ಹಾಳೆಯನ್ನು ಓದಿದೆ. 'ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಬೀಗರೇ, ಬಂಧುಗಳೇ, ಮಾತೆಯರೇ, ಮುದ್ದು ಮಕ್ಕಳೇ. ಈ ಶುಭ ಸಂದರ್ಭದಲ್ಲಿ ಎರಡು ಮಾತುಗಳನ್ನಾಡಲು ಅವಕಾಶ ಮಾಡಿಕೊಟ್ಟದ್ದಕ್ಕಾಗಿ ತಮಗೆಲ್ಲರಿಗೂ ಚಿರಋಣಿಯಾಗಿದ್ದೇನೆ. ಸಂಸಾರವೆಂಬುದು ಒಂದು ರಥವಿದ್ದಂತೆ. ನೂತನ ದಂಪತಿಗಳು ಹಾಲು ಜೇನಿನಂತೆ ಬೆರೆತು, ಆದರ್ಶ ದಂಪತಿಗಳೆನಿಸಿಕೊಂಡು, ನೂರ್ಕಾಲ ಬಾಳಲೆಂದು ಹಾರೈಸುತ್ತಾ ನನ್ನ ಎರಡು ಮಾತುಗಳಿಗೆ ವಿರಾಮ ಹೇಳುತ್ತೇನೆ.' ನಡುವೆ ಒಂದು ತಮಾಷೆಯೂ ಇತ್ತು, ಮದುವೆಯಾದವನ ಸ್ವಾತಂತ್ರ್ಯ ಹೋಯಿತು ಎನ್ನುವ ಹಳಸಲು ತಮಾಷೆ.

ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದುವ ಕೆಂಪು ಪೆನ್ನು ತೆಗೆದುಕೊಂಡೆ. "ಅಪ್ಪ, ಒಂದೊಂದೇ ವಾಕ್ಯ ಓದ್ತೀನಿ. ಈ ಮಾತನ್ನ ಬೇರೆ ಯಾರ ಮದುವೇಲಾದ್ರೂ ಹೇಳಬಹುದಾ ಅಂತ ನೀವೇ ಹೇಳಿ. ಹೇಳಬಹುದು ಅಂದ್ರೆ ಹೊಡೆದು ಹಾಕ್ತೀನಿ," ಎಂದೆ.

ರಥ ಹೋಯಿತು. ಹಾಲು ಜೇನು ಹೋಯಿತು. ಆದರ್ಶ, ನೂರ್ಕಾಲ ಎರಡೂ ಹೋದವು. ಹಾಳೆಯ ತುಂಬ ಕೆಂಪು ಗೆರೆ. ಅಪ್ಪ ಬಗ್ಗಿ ನೋಡಿ, "ಹೆಸರು ಎರಡು ಬಿಟ್ರೆ ಏನೂ ಉಳೀಲಿಲ್ಲವಲ್ಲ," ಎಂದರು.

"ಅದೇ ನೋಡಿ ನಿಮ್ಮ ಭಾಷಣ," ಎಂದೆ. ಈ ಮಾತಿಗೆ ಅವರಿಗೆ ಬೇಜಾರಾಗಬಹುದಿತ್ತು, ಆಗಲಿಲ್ಲ. ಎಲ್ಲ ಬೋಗಿ ಬಿಚ್ಚಿದ ಮೇಲೆ ಎಂಜಿನ್ ನೋಡುವವರ ಹಾಗೆ ಆ ಹಾಳೆಯನ್ನೇ ನೋಡುತ್ತಾ ಕೂತರು.

ಒಂದು ಕಡೆ ಮಾತ್ರ ಪಟ್ಟು ಹಿಡಿದರು. ವೇದಿಕೆ ಮೇಲಿನವರನ್ನೆಲ್ಲ ಸಂಬೋಧಿಸಬೇಕು, ಒಬ್ಬರನ್ನು ಬಿಟ್ಟರೂ ಬೀಗರ ಕಡೆ ಮುಖ ಊದುತ್ತದೆ ಎಂದರು. ಅದು ನಿಜವೇ. ಆದರೆ ಸ್ವಾಗತ ಹೇಳುವವನು ಆ ಪಟ್ಟಿಯನ್ನೆಲ್ಲ ಮೊದಲೇ ಓದಿರುತ್ತಾನೆ, ಪ್ರತಿಯೊಬ್ಬ ಭಾಷಣಕಾರನೂ ಅದನ್ನೇ ಮತ್ತೆ ಓದುತ್ತಾನೆ, ಅಪ್ಪನ ಸರದಿ ಬರುವಷ್ಟರಲ್ಲಿ ಜನಕ್ಕೆ ಕಿವಿ ತೂತು ಬಿದ್ದಿರುತ್ತದೆ. ಕೊನೆಗೆ ಒಪ್ಪಂದವಾಯಿತು. ಎಲ್ಲರಿಗೂ ಸೇರಿ ಒಂದು ನಮಸ್ಕಾರ, ಬೀಗರಿಗೆ ಮಾತ್ರ ಬೇರೆಯಾಗಿ ಒಂದು ಮಾತು. ಅದೂ ಹೊಗಳಿಕೆಯ ಮಾತಾಗಬಾರದು, ಅವರು ಮಾಡಿದ ಯಾವುದಾದರೂ ಒಂದು ಕೆಲಸವನ್ನು ನೆನೆಯುವ ಮಾತಾಗಬೇಕು. ತಮಾಷೆಯ ಬಗ್ಗೆ ನಾನೇ ಕಟ್ಟುನಿಟ್ಟು ಮಾಡಿದೆ. ಅಳಿಯನನ್ನು ಆಡಿಕೊಳ್ಳಬಾರದು, ಹೆಂಗಸರನ್ನು ಆಡಿಕೊಳ್ಳಲೇಬಾರದು, ಬೀಗರ ತಂಟೆಗಂತೂ ಹೋಗುವುದೇ ಬೇಡ. "ಇನ್ಯಾರನ್ನ ಆಡ್ಕೊಳ್ಲಿ?" ಎಂದರು ಅಪ್ಪ. "ನಿಮ್ಮನ್ನೇ," ಎಂದೆ.

ಆಮೇಲೆ ನೆನಪು ಬೇಕಾಯಿತು. ಅವಳು ಚಿಕ್ಕವಳಿದ್ದಾಗಿನದು ಏನಾದರೂ ಹೇಳಿ ಎಂದರೆ, "ಒಳ್ಳೆ ಹುಡುಗಿ. ಚೆನ್ನಾಗಿ ಓದ್ತಿದ್ಲು," ಎಂದರು. ಅದಕ್ಕೂ ಕೆಂಪು ಗೆರೆ ಎಳೆದೆ. ಎಷ್ಟು ಕೆದಕಿದರೂ ಅಷ್ಟೇ. ನೆನಪು ಹೇಳು ಎಂದು ಎದುರಿಗೆ ಕೂರಿಸಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು. ಬಿಟ್ಟುಬಿಟ್ಟೆ, ಕಾಫಿ ಕೊಟ್ಟೆ. ಮಾರನೆಯ ದಿನ ನಾನೇ ಅಪ್ಪನ ಮನೆಗೆ ಹೋದೆ. ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅಪ್ಪ ತಟ್ಟನೆ ನಕ್ಕರು. "ಇವಳ ಅತ್ತೇನ ನಿನ್ ತಂಗಿ ಹೆಂಗೆ ಪಳಗಿಸಿದ್ಲು, ನೆನಪೈತಾ?" ಎಂದು ಅಮ್ಮನನ್ನೂ ಎಳೆದುಕೊಂಡು ಹೇಳಲು ಶುರು ಮಾಡಿದರು. ಕೈ ಆಡಿಸಿದರು, ದನಿ ಏರಿಸಿದರು, ಇಳಿಸಿದರು, ಮಧ್ಯೆ ನಿಂತು ನಕ್ಕರು. ಅಲ್ಲಿ ಪ್ರಯಾಣಿಕರ ಗಮನಕ್ಕೆ ಎನ್ನುವ ರಾಗ ಒಂದಿಷ್ಟೂ ಇರಲಿಲ್ಲ.

"ಇದೇ ಅಪ್ಪ, ಇದನ್ನೇ ಹೇಳಬೇಕು," ಎಂದೆ.

"ಇದನ್ನಾ? ಸಭೇಲಿ ಸೊಪ್ಪಿನವಳ ಕತೆನಾ?"

ಅವತ್ತು ಸಂಜೆ ಅಪ್ಪ ತಾವೇ ಅದನ್ನು ಬರೆದು ತಂದರು. 'ನನ್ನ ಕಿರಿಯ ಪುತ್ರಿಯು ಬಾಲ್ಯಾವಸ್ಥೆಯಲ್ಲಿಯೇ ಕರ್ತವ್ಯಪ್ರಜ್ಞೆಯನ್ನು ಮೈಗೂಡಿಸಿಕೊಂಡಿದ್ದು...' ಬಾಯಲ್ಲಿದ್ದ ಕತೆ ಹಾಳೆಗೆ ಬರುವಷ್ಟರಲ್ಲಿ ಸತ್ತು ಬಿದ್ದಿತ್ತು. ನಾನು ಬರೆಯುತ್ತೇನೆ ಎಂದು ಕಿತ್ತುಕೊಂಡೆ. ರಾತ್ರಿ ಊಟಕ್ಕೆ ಮುಂಚೆ ಕೂತು ಒಳ್ಳೆಯ ಕನ್ನಡದಲ್ಲಿ, ಹದವಾದ ವಾಕ್ಯಗಳಲ್ಲಿ ಬರೆದೆ. ಬರೆದು ನನಗೇ ಹೆಮ್ಮೆಯಾಯಿತು. ಅಮ್ಮನ ಮುಂದೆ ಅಪ್ಪನ ಕೈಲಿ ಓದಿಸಿದೆ. ಅಮ್ಮನ ಮುಂದೆ ಮೊರದಲ್ಲಿ ಅವರೆಕಾಳಿತ್ತು. ಅಪ್ಪ ಓದುತ್ತಾ ಹೋದರು, ಅಮ್ಮ ಹಿದುಕುತ್ತಾ ಹೋದಳು. ಒಂದು ಕಾಳಿಗೂ ಕೈ ನಿಲ್ಲಲಿಲ್ಲ.

"ಹೆಂಗೈತಮ್ಮ?" ಎಂದೆ.

"ಚೆನ್ನಾಗೈತೆ. ನೀನು ಮಾತಾಡ್ದಂಗೈತೆ," ಎಂದಳು ಅಮ್ಮ. ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು.

ಆ ಕೈ ನನಗೆ ಗುರುವಾಯಿತು. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಅಮ್ಮ ಕೇಳುತ್ತಿದ್ದಾಳೆ, ಎಲ್ಲಿ ಹಿದುಕಲು ಶುರು ಮಾಡುತ್ತದೋ ಅಲ್ಲಿ ಮಾತು ಜೋಲು ಬಿದ್ದಿದೆ. ಅಪ್ಪನಿಗೆ ಪೂರ್ತಿ ಬರೆದು ಕೊಡುವುದನ್ನೇ ಬಿಟ್ಟೆ. ಹಾಳೆಯಲ್ಲಿ ಸಾಲು ಕಂಡರೆ ಅವರ ಗಂಟಲು ಸ್ಟೇಷನ್ನಿಗೆ ಓಡಿಹೋಗುತ್ತಿತ್ತು. ಅಂಗೈಯಗಲದ ಚೀಟಿಯಲ್ಲಿ ಬರೀ ಪದ ಬರೆದೆ. ರೈಲ್ವೆ. ಹಾಲು. ಸೊಪ್ಪು. ಸ್ಟೂಲು. ಹೂವು. ಒಂದೊಂದು ಪದ ನೋಡಿಕೊಂಡು ಅಲ್ಲಿಂದ ಮುಂದೆ ಅಮ್ಮನಿಗೆ ಹೇಳುವ ಹಾಗೆ ಹೇಳಬೇಕು. ಮೊದಲ ದಿನ ಉದ್ದವಾಯಿತು. ನೆರೆಯವರ ನಾಯಿ, ಆ ವರ್ಷದ ಕೊಬ್ಬರಿ ಧಾರಣೆ ಎಲ್ಲ ಕತೆಯೊಳಗೆ ನುಗ್ಗಿದವು. ಅಮ್ಮನ ಕೈ ನೋಡಿ ನಾಯಿಯನ್ನು ಓಡಿಸಿದೆ, ಕೊಬ್ಬರಿಯನ್ನು ಇಳಿಸಿದೆ. ಒಂದು ಉಸಿರಿಗೆ ಒಂದು ಮಾತು ಎಂದು ಕಟ್ಟು ಹಾಕಿದೆ. ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳಿದರೆ ಅಮ್ಮ ಮೊರ ತಟ್ಟಬೇಕು ಎಂದು ಗೊತ್ತು ಮಾಡಿದೆ. ಅಮ್ಮ ಈ ಅಧಿಕಾರವನ್ನು ಸಂತೋಷದಿಂದ ಚಲಾಯಿಸಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ನಗುವ ಜಾಗದಲ್ಲಿ ನಿಲ್ಲದೆ ಅಪ್ಪ ಮುಂದಕ್ಕೆ ಹೊರಟುಬಿಡುತ್ತಿದ್ದರು, ಕೇಳುವವರ ನಗು ಮುಂದಿನ ಮಾತಿನ ಮೇಲೆ ಬಿದ್ದು ಎರಡೂ ಕೆಡುತ್ತಿದ್ದವು.

"ನಿಂತ್ಕೊಂಡೆ, ಯಾರೂ ನಗಲಿಲ್ಲ, ಆವಾಗ?" ಎಂದು ಕೇಳಿದರು. ನನ್ನ ಮದುವೆಯ ದಿನದ ಭಯ ಆ ಪ್ರಶ್ನೆಯಲ್ಲಿತ್ತು.

"ಪಕ್ಕದಲ್ಲಿ ಒಂದು ಲೋಟ ನೀರು ಇಡಿಸ್ತೀನಿ. ನಿಂತ ಕಡೆಯೆಲ್ಲ ಒಂದು ಗುಟುಕು ಕುಡೀರಿ. ನಕ್ಕರೆ ನಗು ಮುಗಿಯೋವರೆಗೂ ಕುಡಿದ ಹಾಗಾಯ್ತು, ನಗದಿದ್ರೆ ಬಾಯಾರಿತ್ತು ಅಂದ್ಕೋತಾರೆ."

ಈ ಉಪಾಯ ಅವರಿಗೆ ಬಹಳ ಹಿಡಿಸಿತು. ಪಟ್ಟಿಯಲ್ಲಿ ಅಪ್ಪನದೇ ಕೊನೆಯ ಭಾಷಣ, ಹಾಗಾಗಿ ಅವರ ಕೊನೆಯ ಮಾತಿಗೂ ಒಂದು ಗುರುತು ಬೇಕಿತ್ತು. ನಮ್ಮ ಜನ ಹೂವು ಹಿಡಿದುಕೊಂಡು ಕಾಯುತ್ತಿರುತ್ತಾರೆ, ಭಾಷಣಕಾರ ಮುಗಿಸಿದನೋ ಉಸಿರು ತೆಗೆದುಕೊಂಡನೋ ತಿಳಿಯದೆ ಅರ್ಧ ಜನ ಆಗಲೇ ಎಸೆದುಬಿಡುತ್ತಾರೆ. ಅದಕ್ಕೆ ಹಾರೈಸುತ್ತಾ ವಿರಾಮ ಹೇಳುತ್ತಾ ಎಂದು ಎಳೆಯದೆ, 'ಎಲ್ಲರೂ ಎದ್ದು ಹೂವು ಹಾಕ್ರಪ್ಪ' ಎಂದು ಚೊಕ್ಕವಾಗಿ ಹೇಳಿ ಮುಗಿಸುವುದೆಂದು ಆಯಿತು. ಅದಕ್ಕೆ ಮುಂಚಿನ ಮಾತನ್ನು ಅಪ್ಪನೇ ಒಂದು ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕಂಡುಕೊಂಡರು. ಕೇಳಿ ಅಮ್ಮನ ಕೈ ಮೊರದ ಮೇಲೇ ನಿಂತುಹೋಯಿತು. ಇನ್ನು ತಿದ್ದುವುದು ಏನೂ ಇಲ್ಲವೆಂದು ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.

ಮದುವೆಯ ದಿನ ಬೆಳಗ್ಗೆ ವ್ಯಾನಿನಲ್ಲಿ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೊರಟೆವು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು. ಅಮ್ಮ, "ಬಿಡ್ರೀ, ಬಾಯಿ ಒಣಗ್ತದೆ," ಎಂದರೂ ಬಿಡಲಿಲ್ಲ. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಪಂಚಶೀಲ, ಹಾರ ಎಲ್ಲ ಸುಸೂತ್ರವಾಗಿ ಆಯಿತು. ಗಂಡಿನ ದೊಡ್ಡಪ್ಪ ಎದ್ದರು. ಒಳ್ಳೆಯ ಮನುಷ್ಯ, ತಿಳಿದವರು, ಆದರೆ ತಿಳಿದಿದ್ದನ್ನೆಲ್ಲ ಅವತ್ತೇ ಹೇಳಬೇಕೆಂದುಕೊಂಡಿದ್ದರು. ರಥದಿಂದ ಶುರು ಮಾಡಿದರು, ಹಾಲು ಜೇನಿಗೆ ಬಂದರು, ಅಲ್ಲಿಂದ ಸ್ತ್ರೀ ಶಿಕ್ಷಣಕ್ಕೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದರು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಊಟದ ಕೋಣೆಯ ಕಡೆ ಸರಿದರು. ಅಪ್ಪನ ಹೆಸರು ಕರೆದಾಗ ಅರ್ಧ ಸಭೆ ಕುರ್ಚಿ ತಿರುಗಿಸಿಕೊಂಡು ಮಾತಾಡುತ್ತಿತ್ತು. ವೇದಿಕೆಯ ಮೇಲೆ ತಂಗಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಸುತ್ತುತ್ತಿದ್ದಳು.

ಅಪ್ಪ ಮೈಕು ಹಿಡಿದರು. ಸ್ವಲ್ಪ ದೂರ ಹಿಡಿದು, ಬಾಯಿಗೆ ಓರೆಯಾಗಿ ಇಟ್ಟುಕೊಂಡರು. ಅದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

"ಎಲ್ರಿಗೂ ನಮಸ್ಕಾರ. ನಾನು ಹುಡುಗಿ ಅಪ್ಪ. ರೈಲ್ವೇಲಿ ಇದ್ದೋನು. ಅದಕ್ಕೆ, ಟೈಮಿಗೆ ಸರಿಯಾಗಿ ಮುಗಿಸ್ತೀನಿ ಅಂದ್ರೆ ನೀವ್ಯಾರೂ ನಂಬಾಕಿಲ್ಲ."

ನಿಂತರು. ಲೋಟ ಎತ್ತಿದರು. ನಗು ಮುಂದಿನ ಸಾಲಿನಲ್ಲಿ ಶುರುವಾಗಿ ಹಿಂದಕ್ಕೆ ಹೋಯಿತು. ಕುರ್ಚಿಗಳು ತಿರುಗಿದವು.

"ನಮ್ ಮಾದಿಹಳ್ಳಿ ಬೀಗರು ಮೊದಲ್ನೇ ಸಲ ಮನೆಗೆ ಬಂದಾಗ ಒಂದು ಕ್ಯಾನು ಹಾಲು ತಂದಿದ್ರು. ನಮ್ಮನೇಲಿ ಅಷ್ಟು ಹಾಲಿಗೆ ಪಾತ್ರೆ ಎಲ್ಲೈತೆ? ಕೊನೇಗೆ ಸ್ನಾನದ ಬಕೇಟು ತೊಳೆದು ಹುಯ್ಕೊಂಡ್ವಿ. ಬೀಗರಿಗೆ ಇದು ಇವತ್ತೇ ಗೊತ್ತಾಗ್ತಿರೋದು."

ಬೀಗಿತ್ತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅಪ್ಪ ಇನ್ನೊಂದು ಗುಟುಕು ಕುಡಿದರು.

"ನಂಗೆ ಜಾಸ್ತಿ ನೈಟ್ ಡ್ಯೂಟಿ. ಬೆಳಗ್ಗೆ ಬಂದು ಮಲಗ್ತಿದ್ದೆ. ಇವಳು ಆಗ ಇಷ್ಟುದ್ದ. ರಜಾ ಬಂತು ಅಂದ್ರೆ ಒಂದು ಸ್ಟೂಲ್ ತಂದು ಬಾಗಿಲಲ್ಲಿ ಹಾಕ್ಕೊಂಡು ಕೂರೋಳು. ಯಾರ್ ಬಂದ್ರೂ ಒಂದೇ ಮಾತು. 'ಅಪ್ಪ ಮಲಗವ್ರೆ.' ಒಂದಿನ ಸೊಪ್ಪಿನವಳು ಬಂದ್ಲು. ಏನ್ ಗಂಟಲು ಅಂತೀರಿ, ನಮ್ ಸ್ಟೇಷನ್ ಮೈಕು ಸಾಲದು. ಇವಳು ಹೋಗಿ, 'ಮೆಲ್ಲಕ್ಕೆ ಕೂಗು' ಅಂದ್ಲು. 'ಮೆಲ್ಲಕ್ಕೆ ಕೂಗಿದ್ರೆ ಯಾರವ್ವ ತಗೋತಾರೆ?' ಅಂದ್ಲು ಆಕೆ. 'ನಾನ್ ತಗೋತೀನಿ' ಅಂದ್ಲು ಇವಳು. ಅವತ್ತು ನಮ್ಮನೆಗೆ ಅರ್ಧ ಬುಟ್ಟಿ ಸೊಪ್ಪು ಬಂತು."

ಸಭೆ ನಗುತ್ತಿರುವಾಗಲೇ ಅಪ್ಪ ಮೈಕನ್ನು ತುಟಿಯ ಹತ್ತಿರ ತಂದರು. "ಅಲ್ಲಿಂದ ನಮ್ ಬೀದೀಲಿ ಸೊಪ್ಪು ಹಿಂಗ್ ಬರೋದು," ಎಂದು ಪಿಸುಗುಟ್ಟಿದರು. "ಸೊಪ್ಪೋ... ದಂಟಿನ ಸೊಪ್ಪೋ..."

ಆ ಪಿಸುಮಾತು ಭವನದ ಮೂಲೆಮೂಲೆಗೂ ಹೋಯಿತು. ಊಟದ ಕೋಣೆಯಿಂದ ಜನ ಎದ್ದು ಬಾಗಿಲಲ್ಲಿ ಬಂದು ನಿಂತರು, ಕೆಲವರ ಕೈ ಇನ್ನೂ ಎಂಜಲು. ತಂಗಿ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ಎಲ್ಲರೂ ಸುಮ್ಮನಾಗುವವರೆಗೆ ಕಾದರು. ಲೋಟ ಖಾಲಿಯಾಗಿತ್ತು, ಆದರೂ ಎತ್ತಿ ಕುಡಿದ ಹಾಗೆ ಮಾಡಿದರು.

"ಈಗ ಇವಳು ಬೇಲೂರಲ್ಲಿ ನರ್ಸು. ಈಗ ಇವಳಿಗೂ ನೈಟ್ ಡ್ಯೂಟಿ. ಬೆಳಗ್ಗೆ ಬಂದು ಮಲಗ್ತಾಳೆ." ಅಳಿಯನ ಕಡೆ ತಿರುಗಿದರು. "ಅಳಿಯಂದಿರೇ, ಒಂದು ಸ್ಟೂಲ್ ಹಾಕ್ಕೊಳ್ಳಿ. ಇನ್ಮೇಲೆ ಬಾಗಿಲು ನಿಮ್ದು."

ಹುಡುಗ ಕುರ್ಚಿಯಿಂದ ಎದ್ದು ಕೈ ಮುಗಿದ. ಚಪ್ಪಾಳೆ ಬಿತ್ತು. ಈಗ ಅಪ್ಪ ಹೂವು ಹಾಕಿ ಎನ್ನಬೇಕು. ಅನ್ನಲಿಲ್ಲ. ಮುಂದಿನ ಸಾಲಿನಿಂದ ನಾನು ಮುಷ್ಟಿ ಎತ್ತಿ ತೋರಿಸಿದೆ. ಅವರು ನನ್ನನ್ನು ನೋಡಿದರು, ಚೀಟಿ ಜೇಬಿಗಿಟ್ಟರು.

"ಇನ್ನೊಂದು ಮಾತು. ಇದು ಮನೆಯವರಿಗೂ ಗೊತ್ತಿಲ್ಲ," ಎಂದರು. "ನಂಗೆ ಹಗಲು ನಿದ್ದೆ ಬರ್ತಿರ್ಲಿಲ್ಲ. ಮೊದಲ್ನಿಂದ್ಲೂ ಬರ್ತಿರ್ಲಿಲ್ಲ. ಅವಳು ಅಲ್ಲಿ ಕೂತು ಎಲ್ಲರನ್ನೂ ಗದರಿಸೋಳಲ್ಲ, ಅದನ್ನ ಕೇಳ್ಕೊಂಡು ಸುಮ್ನೆ ಕಣ್ ಮುಚ್ಕೊಂಡಿರ್ತಿದ್ದೆ."

ಇದು ಚೀಟಿಯಲ್ಲಿ ಇರಲಿಲ್ಲ, ನಾನು ತಿದ್ದಿದ್ದೂ ಅಲ್ಲ. ಯಾರೂ ನಗಲಿಲ್ಲ, ಅಪ್ಪ ಲೋಟವನ್ನೂ ಮುಟ್ಟಲಿಲ್ಲ. ತಂಗಿ ಕೈ ಕೆಳಗಿಳಿಸಿ ಅವರನ್ನೇ ನೋಡುತ್ತಿದ್ದಳು. "ಏಳಿ, ಹೂವು ಹಾಕ್ರಪ್ಪ," ಎಂದು ಹೇಳಿ ಅಪ್ಪ ಮೈಕು ಇಟ್ಟರು. ಎಲ್ಲರೂ ಒಟ್ಟಿಗೇ ಎದ್ದರು, ಹೂವು ಒಟ್ಟಿಗೇ ಬಿತ್ತು. ನಾನು ಎಸೆಯುವುದನ್ನೇ ಮರೆತು ಅಳುತ್ತಾ ನಿಂತಿದ್ದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ಎರಡು ಮಾತಾಡಬೇಕೆಂದು ಇನ್ನೂ ಮೂವರು ಕಾದಿದ್ದರು. ಅವರಲ್ಲಿ ಹಿರಿಯರೊಬ್ಬರು ಮೈಕಿನ ಹತ್ತಿರ ಬಂದು, ಇನ್ನು ಹೇಳುವುದು ಏನಿದೆ, ಊಟಕ್ಕೆ ಏಳೋಣ ಎಂದರು.

ಪಂಕ್ತಿಯಲ್ಲಿ ನಾನು, ಅಮ್ಮ, ಅಪ್ಪ ಸಾಲಾಗಿ ಕೂತೆವು. ಹೋಗುವವರು ಬರುವವರು ಅಪ್ಪನ ಬೆನ್ನು ತಟ್ಟಿ ಹೋಗುತ್ತಿದ್ದರು. ಅಮ್ಮ ಮಾತ್ರ ಗಂಟು ಮುಖ ಹಾಕಿಕೊಂಡು ಅನ್ನ ಕಲೆಸುತ್ತಿದ್ದಳು. ಪಾಯಸ ಬಡಿಸುವವರು ಮುಂದಕ್ಕೆ ಹೋದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ರೀ, ನಿಮಗೆ ಎಚ್ಚರ ಆಗ್ತದೆ ಅಂತ ನಾನು ಅಷ್ಟು ವರ್ಷ ಹಗಲು ಹೊತ್ತು ಒರಳು ಮುಟ್ಟಲಿಲ್ಲ. ಒಗ್ಗರಣೇನೂ ಬಾಗಿಲು ಹಾಕ್ಕೊಂಡು ಹಾಕ್ತಿದ್ದೆ. ಎದ್ದೇ ಇದ್ರಂತೆ! ಒಂದು ಮಾತು ಹೇಳಬಾರದಿತ್ತಾ?"

ಅಪ್ಪ ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಒಟ್ಟು ಮಾಡಿದರು.

"ಹೇಳಿದ್ರೆ ಅವಳು ಬಾಗಿಲು ಬಿಟ್ಟು ಆಡಕ್ಕೆ ಹೋಗ್ಬಿಡ್ತಿದ್ಲು ಕಣೇ," ಎಂದರು.